ಹೆಚ್ಚುವರಿ ಕೆಲಸದಿಂದ ಪ್ರಾಜೆಕ್ಟ್ ತಡವಾದಾಗ ಗ್ರಾಹಕರಿಗೆ ಹೇಳೋದು ಹೇಗೆ: ಒಂದು ಅಡಿಕೆ ಮಂಡಿಯ ಲೆಕ್ಕ

2025ರಲ್ಲಿ ಶಿವಮೊಗ್ಗದ ಒಂದು ಅಡಿಕೆ ಮಂಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡಲು ಒಪ್ಪಿಕೊಂಡಿದ್ದೆವು. ನಾವು ಅಂದರೆ ನಾನು ಮತ್ತು ನನ್ನ ಜೊತೆಗಾರ, ಇಬ್ಬರೇ. ಜುಲೈ 7ಕ್ಕೆ ಶುರು, ಸೆಪ್ಟೆಂಬರ್ 15ಕ್ಕೆ ಕೈಗೆ ಕೊಡುವುದು ಅಂತ ಮಾತಾಗಿತ್ತು. ಒಪ್ಪಂದದಲ್ಲಿ ಇದ್ದದ್ದು ಇಷ್ಟು: ಬೆಳೆಗಾರರು ತಂದ ಚೀಲಗಳ ತೂಕ ಬರೆದುಕೊಳ್ಳುವುದು, ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಬೇರೆ ಮಾಡುವುದು, ಟೆಂಡರ್‌ನಲ್ಲಿ ನಿಂತ ದರ ಹಾಕುವುದು, ಹಮಾಲಿ, ಕಮಿಷನ್ ಕಳೆದು ಬಿಲ್ ತೆಗೆಯುವುದು.

ಆಗಸ್ಟ್ ಮುಗಿಯುವ ಹೊತ್ತಿಗೆ ಕೆಲಸ ಇದರ ಸುಮಾರು ಒಂದೂವರೆಯಷ್ಟಾಗಿತ್ತು. ಯಾರೂ ಜೋರು ಮಾಡಿರಲಿಲ್ಲ. ಮಂಡಿಯ ಯಜಮಾನರ ಮಗ ರಾತ್ರಿ ಊಟ ಆದ ಮೇಲೆ ಒಂದು ವಾಯ್ಸ್ ಮೆಸೇಜ್ ಹಾಕುತ್ತಿದ್ದರು. "ಅಣ್ಣ, ಇನ್ನೊಂದು ಚಿಕ್ಕದು, ಬೆಳೆಗಾರರಿಗೆ ಕೊಟ್ಟ ಮುಂಗಡನೂ ಅದರಲ್ಲೇ ಕಾಣೋ ಹಾಗೆ ಮಾಡಿಬಿಡಿ." ನಾನು ಒಂದು ಹೆಬ್ಬೆರಳು ಒತ್ತಿ ಮಲಗುತ್ತಿದ್ದೆ. ಆ ಹೆಬ್ಬೆರಳು ಅವರಿಗೆ "ಆಯ್ತು, ಅದೇ ದಿನಾಂಕಕ್ಕೆ ಕೊಡ್ತೀವಿ" ಅಂತ ಕೇಳಿಸುತ್ತದೆ.

ಈ ಸ್ಥಿತಿಯಿಂದ ಹೊಸ ದಿನಾಂಕಕ್ಕೆ ಹೇಗೆ ಬಂದೆವು ಅನ್ನುವುದನ್ನು ಒಂದೊಂದೇ ಹೆಜ್ಜೆಯಾಗಿ ಬರೆಯುತ್ತೇನೆ. ನಿಮ್ಮ ಕೆಲಸ ವೆಬ್‌ಸೈಟ್ ಇರಬಹುದು, ಮನೆಯ ಒಳಾಂಗಣ ಇರಬಹುದು. ಲೆಕ್ಕ ಹಾಕುವ ಕ್ರಮ ಮಾತ್ರ ಇದೇ.

ಹೆಜ್ಜೆ 1: ಹೆಚ್ಚಾದ ಕೆಲಸವನ್ನೆಲ್ಲ ದಿನಾಂಕದ ಸಮೇತ ಬರೆಯಿರಿ

ಆಗಸ್ಟ್ 25, ಸೋಮವಾರ ಬೆಳಿಗ್ಗೆ ಕೋಡ್ ಮುಟ್ಟದೆ ಕೂತೆವು. ಜುಲೈ 7ರಿಂದ ಬಂದ ಎಲ್ಲ ಮೆಸೇಜ್, ವಾಯ್ಸ್, ಫೋನ್ ಮಾತುಗಳನ್ನು ಒಂದು ಹಾಳೆಯಲ್ಲಿ ಬರೆದೆವು. ಒಂದೊಂದು ಸಾಲಿನಲ್ಲಿ ನಾಲ್ಕು ವಿಷಯ: ಕೇಳಿದ ದಿನ, ಕೇಳಿದ್ದು ಏನು, ನಾವು ಏನು ಉತ್ತರ ಕೊಟ್ಟೆವು, ಈಗ ಆಗಿದೆಯೋ ಇಲ್ಲವೋ. ಮೂರನೆಯದನ್ನು ಬಿಡಬೇಡಿ. ನೀವು "ಆಯ್ತು" ಅಂದಿದ್ದರೆ ಅದು ನಿಮ್ಮ ಮಾತು. ಆಮೇಲೆ ಗ್ರಾಹಕರ ಮುಂದೆ ಕೂತಾಗ ಅವರು ಫೋನ್ ತೆಗೆದು ಅದನ್ನೇ ತೋರಿಸುತ್ತಾರೆ.

ನಮ್ಮ ಹಾಳೆಯಲ್ಲಿ ಐದು ಬಂದವು. ಬಿಲ್ ಕನ್ನಡದಲ್ಲಿ ಬರಬೇಕು ಅನ್ನುವುದು ಒಂದು. ಬಿಲ್ಲಿನ ಮೇಲಿನ ಅಕ್ಷರ, ಕಾಲಮ್, ಬಣ್ಣ ಅಂತ ಸಣ್ಣಪುಟ್ಟ ಬದಲಾವಣೆಗಳ ಒಂದು ಗಂಟು. ಬೆಳೆಗಾರರ ಮುಂಗಡದ ಲೆಕ್ಕ, ಬಡ್ಡಿ ಸಮೇತ. ತೀರ್ಥಹಳ್ಳಿಯ ಶಾಖೆಯ ಲೆಕ್ಕವೂ ಇದರಲ್ಲೇ ಸೇರಬೇಕು ಅನ್ನುವುದು. ಬಿಲ್ ಆದ ಕೂಡಲೇ ಬೆಳೆಗಾರರ ವಾಟ್ಸಾಪ್‌ಗೆ ಹೋಗಬೇಕು ಅನ್ನುವುದು.

ಈಗ ಒಂದೊಂದನ್ನೂ ಹಿಡಿದು ಕೇಳಿಕೊಳ್ಳಿ: ಇದು ನಿಜವಾಗಿ ಹೊಸ ಕೆಲಸವಾ, ಇಲ್ಲ ಒಪ್ಪಂದದಲ್ಲಿ ಇದ್ದದ್ದನ್ನೇ ಸರಿಯಾಗಿ ಹೇಳಿದ್ದಾ? ಕನ್ನಡ ಬಿಲ್ ವಿಷಯದಲ್ಲಿ ನಮ್ಮಿಬ್ಬರಿಗೂ ಸ್ವಲ್ಪ ವಾದ ಆಯಿತು. ಒಪ್ಪಂದದಲ್ಲಿ "ಬಿಲ್ ಪ್ರಿಂಟ್" ಅಂತ ಮಾತ್ರ ಇತ್ತು, ಭಾಷೆ ಯಾವುದು ಅಂತ ಇರಲಿಲ್ಲ. ಮಂಡಿಯಲ್ಲಿದ್ದದ್ದು ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಅದರಲ್ಲಿ ಇಂಗ್ಲಿಷ್ ಅಕ್ಷರ ಸರಸರನೆ ಬರುತ್ತದೆ. ಕನ್ನಡದ ಒತ್ತಕ್ಷರ ಸರಿಯಾಗಿ ಬರಬೇಕಾದರೆ ಇಡೀ ಬಿಲ್ಲನ್ನು ಚಿತ್ರದ ಹಾಗೆ ಕಳಿಸಬೇಕು. ಅದಕ್ಕೆ ಎರಡು ದಿನ ಹೋಗಿತ್ತು. ಆದರೂ ಶಿವಮೊಗ್ಗದ ಮಂಡಿಯಲ್ಲಿ ಬೆಳೆಗಾರರ ಕೈಗೆ ಕೊಡುವ ಬಿಲ್ ಕನ್ನಡದಲ್ಲಿ ಇರುತ್ತದೆ ಅಂತ ಯಜಮಾನರು ಅಂದುಕೊಂಡಿದ್ದರೆ ತಪ್ಪೇನಿದೆ? ಕೇಳಬೇಕಾಗಿದ್ದವರು ನಾವು. ಹೀಗೆ ಎರಡು ಕಡೆಗೂ ಎಳೆಯಬಹುದಾದದ್ದನ್ನು ಗ್ರಾಹಕರಿಗೆ ಬಿಟ್ಟುಕೊಡಿ. ಅದಕ್ಕೆ ಹಿಡಿದ ದಿನವನ್ನು ಬರೆಯಿರಿ, ದುಡ್ಡು ಕೇಳಬೇಡಿ. ಅನುಮಾನದ ಒಂದು ಸಾಲು ಪಟ್ಟಿಯಲ್ಲಿ ಇದ್ದರೆ ಮಾತೆಲ್ಲ ಅದರ ಸುತ್ತಲೇ ತಿರುಗುತ್ತದೆ, ಗಟ್ಟಿಯಾದ ನಾಲ್ಕು ಸಾಲು ಪಕ್ಕಕ್ಕೆ ಸರಿಯುತ್ತವೆ.

ಹೆಜ್ಜೆ 2: ನಿಮ್ಮಿಂದ ಆದ ತಡವನ್ನು ಮೊದಲು ಬೇರೆ ಮಾಡಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಮುಖ್ಯ. ಬದಲಾವಣೆಯಿಂದ ತಡವಾಗಿದೆ ಅಂತ ಹೇಳಲು ಹೊರಟಾಗ ನಮ್ಮ ಸ್ವಂತ ತಡವನ್ನೂ ಅದರೊಳಗೆ ಸೇರಿಸಿಬಿಡುವ ಆಸೆ ಆಗುತ್ತದೆ. ಹಾಗೆ ಮಾಡಬೇಡಿ. ಗ್ರಾಹಕರಿಗೆ ಕೋಡ್ ಗೊತ್ತಿರಲ್ಲ, ಆದರೆ ಲೆಕ್ಕ ಚೆನ್ನಾಗಿ ಗೊತ್ತಿರುತ್ತದೆ. ಒಂದು ಕಡೆ ತಾಳೆ ಆಗದಿದ್ದರೆ ಉಳಿದದ್ದನ್ನೂ ನಂಬುವುದಿಲ್ಲ.

ತೂಕದ ಯಂತ್ರದಿಂದ ತೂಕ ನೇರವಾಗಿ ಕಂಪ್ಯೂಟರ್‌ಗೆ ಬರುವುದು ಒಂದೇ ದಿನದ ಕೆಲಸ ಅಂತ ನಾವು ಅಂದುಕೊಂಡಿದ್ದೆವು. ನಾಲ್ಕು ದಿನ ಆಯಿತು. ಆ ಮೂರು ದಿನ ನಮ್ಮದೇ. ಹಾಳೆಯಲ್ಲಿ "ನಮ್ಮ ಅಂದಾಜು ತಪ್ಪಿದ್ದು: 3 ದಿನ" ಅಂತ ಹಾಗೇ ಬರೆದೆವು.

ಆಮೇಲೆ ಉಳಿದದ್ದಕ್ಕೆ ದಿನ ಹಾಕಿದೆವು. ನಾವಿಬ್ಬರೂ ಸೋಮವಾರದಿಂದ ಶನಿವಾರದವರೆಗೆ ಕೆಲಸ ಮಾಡುವವರು. ಇಲ್ಲಿ ಒಂದು ದಿನ ಅಂದರೆ ಅಂಥ ಒಂದು ದಿನ.

- ನಮ್ಮ ಅಂದಾಜು ತಪ್ಪಿದ್ದು: 3
- ಆಗಲೇ ಮಾಡಿಕೊಟ್ಟ ಬದಲಾವಣೆ (ಕನ್ನಡ ಬಿಲ್ 2, ಸಣ್ಣಪುಟ್ಟದ್ದು 1): 3
- ಮುಂಗಡದ ಲೆಕ್ಕ: 6
- ತೀರ್ಥಹಳ್ಳಿ ಶಾಖೆ: 7
- ವಾಟ್ಸಾಪ್ ಬಿಲ್: 3
- ಇವೆಲ್ಲ ಸೇರಿದ ಮೇಲೆ ಮತ್ತೆ ಪರೀಕ್ಷೆ: 4

ಒಟ್ಟು 26 ದಿನ. ಅದರಲ್ಲಿ 23 ಬದಲಾವಣೆಯದ್ದು, 3 ನಮ್ಮದು.

ಕೊನೆಯ ಸಾಲನ್ನು ಜಾಸ್ತಿ ಜನ ಮರೆಯುತ್ತಾರೆ. ಮುಂಗಡ ಅನ್ನುವುದು ಬಿಲ್ಲಿನ ಪಕ್ಕದಲ್ಲಿ ಸುಮ್ನೆ ನಿಲ್ಲುವ ಇನ್ನೊಂದು ಪುಟ ಅಲ್ಲ. ಅಡಿಕೆ ಮಾರಿದ ದುಡ್ಡಿನಲ್ಲಿ ಮುಂಗಡ ಮುರಿದುಕೊಂಡು ಉಳಿದದ್ದನ್ನು ಕೊಡಬೇಕು. ಅಂದರೆ ಆಗಲೇ ಸರಿಯಾಗಿದ್ದ ಬಿಲ್ಲಿನ ಕೊನೆಯ ಸಾಲೇ ಬದಲಾಗುತ್ತದೆ. ಮುಂಗಡ ಬಿಲ್ಲಿನ ಮೊತ್ತಕ್ಕಿಂತ ಜಾಸ್ತಿ ಇದ್ದರೆ ಏನು? ಒಂದೇ ದಿನ ಎರಡು ಬಿಲ್ ಆದರೆ ಯಾವುದರಲ್ಲಿ ಮುರಿಯಬೇಕು? ಹಳೆಯದನ್ನೆಲ್ಲ ಮತ್ತೆ ಪರೀಕ್ಷೆ ಮಾಡದೆ ಕೊಟ್ಟರೆ ತಪ್ಪು ಬಿಲ್ ಬೆಳೆಗಾರರ ಕೈಗೆ ಹೋಗುತ್ತದೆ.

ತೀರ್ಥಹಳ್ಳಿಗೆ ಏಳು ದಿನ ಯಾಕೆ ಅಂತಲೂ ಹೇಳಬೇಕು. ಗ್ರಾಹಕರ ಕಣ್ಣಿಗೆ ಅದು "ಅದನ್ನೇ ಇನ್ನೊಂದು ಕಂಪ್ಯೂಟರ್‌ಗೆ ಹಾಕೋದು, ಅಲ್ವಾ?" ಅಂತ ಕಾಣುತ್ತದೆ. ಆದರೆ ಮಳೆಗಾಲದಲ್ಲಿ ಅಲ್ಲಿ ಕರೆಂಟು ಹೋಗುತ್ತದೆ, ನೆಟ್ ಹೋಗುತ್ತದೆ. ನೆಟ್ ಇಲ್ಲದಾಗಲೂ ಬಿಲ್ ಆಗಬೇಕು, ನೆಟ್ ಬಂದ ಮೇಲೆ ಎರಡೂ ಕಡೆಯ ಲೆಕ್ಕ ಸೇರಬೇಕು. ಎರಡು ಕಡೆಯೂ 501ನೇ ಬಿಲ್ ಹುಟ್ಟಿದರೆ ಜಿಎಸ್‌ಟಿಯಲ್ಲಿ ತೊಂದರೆ, ಒಂದು ಹಣಕಾಸು ವರ್ಷದಲ್ಲಿ ಒಂದು ಬಿಲ್ ನಂಬರ್ ಒಮ್ಮೆ ಮಾತ್ರ ಬರಬೇಕು. ಅದಕ್ಕೆ ಎರಡು ಊರಿಗೂ ಬೇರೆ ಬೇರೆ ಸರಣಿ ಇಡಬೇಕು. ಕಾರಣವನ್ನು ಇಷ್ಟು ಸರಳವಾಗಿ ಹೇಳಲು ಆಗದಿದ್ದರೆ ನಿಮ್ಮ ಅಂದಾಜನ್ನೇ ಇನ್ನೊಮ್ಮೆ ನೋಡಿಕೊಳ್ಳಿ.

ಹೆಜ್ಜೆ 3: ದಿನಗಳನ್ನು ಕ್ಯಾಲೆಂಡರ್ ಮೇಲೆ ಇಡಿ

26 ದಿನ ತಡ ಅಂತ ಸೆಪ್ಟೆಂಬರ್ 15ಕ್ಕೆ 26 ಕೂಡಿಸಿದರೆ ತಪ್ಪಾಗುತ್ತದೆ. ಗೋಡೆಯ ಮೇಲಿನ ಕ್ಯಾಲೆಂಡರ್ ಇಳಿಸಿ ಒಂದೊಂದೇ ದಿನ ಎಣಿಸಿ.

ಆಗಸ್ಟ್ 25ರಿಂದ ಸೆಪ್ಟೆಂಬರ್ 13ರವರೆಗೆ, ಗಣೇಶ ಹಬ್ಬ ಮತ್ತು ಈದ್ ಮಿಲಾದ್ ಬಿಟ್ಟರೆ, ನಮಗೆ ಸಿಗುವುದು 16 ದಿನ. ಬದಲಾವಣೆ ಇಲ್ಲದಿದ್ದರೆ, ನಮ್ಮ ತಪ್ಪೂ ಇಲ್ಲದಿದ್ದರೆ ಉಳಿದಿರಬೇಕಾದ ಕೆಲಸವೂ 16 ದಿನದ್ದೇ. ಅದಕ್ಕೆ 26 ಸೇರಿದರೆ 42. ಆಯುಧ ಪೂಜೆ ಮತ್ತು ವಿಜಯದಶಮಿಗೆ ಎರಡು ದಿನ ಬಿಟ್ಟು ಎಣಿಸಿದರೆ 42ನೇ ದಿನ ಬರುವುದು ಅಕ್ಟೋಬರ್ 16ಕ್ಕೆ. ಕೈಗೆ ಕೊಡುವುದು 17, ಶುಕ್ರವಾರ. ಸೋಮವಾರ 20ಕ್ಕೆ ನರಕ ಚತುರ್ದಶಿ.

ಇದನ್ನು ನೋಡಿ ನನ್ನ ಜೊತೆಗಾರನಿಗೆ ಸಮಾಧಾನ ಆಯಿತು, "ದೀಪಾವಳಿಗೆ ಮುಂಚೆ ಆಗುತ್ತಲ್ಲ" ಅಂದ. ನನಗೆ ಭಯ ಆಯಿತು. ಮಂಡಿಯಲ್ಲಿ ಹೊಸ ಲೆಕ್ಕ ಶುರುವಾಗುವುದು ದೀಪಾವಳಿಗೆ. ಶುಕ್ರವಾರ ಹೊಸ ಸಾಫ್ಟ್‌ವೇರ್ ಕೊಟ್ಟು, ಸೋಮವಾರದಿಂದ ಗುಮಾಸ್ತರು ಅದರಲ್ಲೇ ಹೊಸ ಲೆಕ್ಕ ಬರೆಯಬೇಕು ಅಂದರೆ ಒಂದು ತಪ್ಪಿಗೂ ಜಾಗ ಇಲ್ಲ. ಎರಡು ದಿನ ಜ್ವರ ಬಂದು ಮಲಗಿದರೂ ಹಬ್ಬ ದಾಟುತ್ತದೆ.

ಆದ್ದರಿಂದ ಗ್ರಾಹಕರಿಗೆ ನಿಜವಾಗಿ ಮುಖ್ಯವಾದ ದಿನ ಯಾವುದು ಅಂತ ಹುಡುಕಿ. ಒಪ್ಪಂದದಲ್ಲಿ ಸೆಪ್ಟೆಂಬರ್ 15 ಅಂತ ಇತ್ತು. ಯಜಮಾನರ ಮನಸ್ಸಿನಲ್ಲಿ ಇದ್ದದ್ದು ದೀಪಾವಳಿ. ಹೊಸ ವೇಳಾಪಟ್ಟಿಯನ್ನು ಆ ದಿನದಿಂದ ಹಿಂದಕ್ಕೆ ಎಣಿಸಿ ಕಟ್ಟಬೇಕು.

ಇನ್ನೊಂದು ಎಚ್ಚರ. ಕೆಲಸದ ದಿನ ಬೇರೆ, ಕಾಯುವ ದಿನ ಬೇರೆ. ವಾಟ್ಸಾಪ್‌ನಲ್ಲಿ ಬಿಲ್ ತಾನಾಗಿಯೇ ಹೋಗಬೇಕಾದರೆ ಮೆಟಾ ಕಂಪನಿಯಲ್ಲಿ ಮಂಡಿಯ ಹೆಸರಿನ ಖಾತೆ ಆಗಬೇಕು, ಕಳಿಸುವ ಮೆಸೇಜಿನ ಮಾದರಿಗೆ ಅವರ ಒಪ್ಪಿಗೆ ಬೇಕು. ಅದು ಎಷ್ಟು ದಿನ ಅಂತ ನಾವು ಮಾತು ಕೊಡಲು ಆಗುವುದಿಲ್ಲ. ನಮ್ಮ ಕೈಯಲ್ಲಿ ಇಲ್ಲದ್ದನ್ನು ದಿನಾಂಕದೊಳಗೆ ಕಟ್ಟಿಹಾಕದೆ ಬೇರೆ ಸಾಲಾಗಿ ಬರೆಯಿರಿ.

ಹೆಜ್ಜೆ 4: ಮೂರು ದಾರಿ ತೋರಿಸಿ, ಒಂದನ್ನು ನೀವೇ ಹೇಳಿ

ಒಂದೇ ದಿನಾಂಕ ತೆಗೆದುಕೊಂಡು ಹೋದರೆ ಅದು ಚೌಕಾಸಿ ಆಗುತ್ತದೆ. ನೀವು 17 ಅಂದರೆ ಅವರು 5 ಅನ್ನುತ್ತಾರೆ, 10ಕ್ಕೆ ಬಂದು ನಿಲ್ಲುತ್ತದೆ. ಆ 10ಕ್ಕೆ ಯಾವ ಲೆಕ್ಕವೂ ಇರುವುದಿಲ್ಲ. ಯಾವ ಕೆಲಸ ಯಾವಾಗ ಬೇಕು ಅಂತ ಅವರು ಆರಿಸುವ ಹಾಗೆ ಇಡಿ.

ಮೊದಲನೆಯ ದಾರಿ, ಎಲ್ಲವೂ ಒಟ್ಟಿಗೆ ಅಕ್ಟೋಬರ್ 17ಕ್ಕೆ. ನಾವು ಇದನ್ನು ಯಾಕೆ ಬೇಡ ಅನ್ನುತ್ತೇವೆ ಅನ್ನುವುದು ಮೇಲೆ ಬಂದಿದೆ.

ಎರಡನೆಯದು, ಎರಡು ಕಂತು. ಮೊದಲ ಕಂತಿನಲ್ಲಿ ಮೂಲ ಕೆಲಸ ಮತ್ತು ಮುಂಗಡದ ಲೆಕ್ಕ. ಮೂಲದ್ದು 22 ದಿನ, ಅಂದರೆ ಮೇಲೆ ಹೇಳಿದ 16, ನಮ್ಮ ತಪ್ಪಿನ 3, ಆಗಲೇ ಮಾಡಿದ ಬದಲಾವಣೆಯ 3. ಮುಂಗಡ 6, ಪರೀಕ್ಷೆ 2, ಏನಾದರೂ ಎಡವಟ್ಟಾದರೆ ಅಂತ 4. ಒಟ್ಟು 34. ಕೈಗೆ ಕೊಡುವುದು ಅಕ್ಟೋಬರ್ 8, ಬುಧವಾರ. ದೀಪಾವಳಿಗೆ ಇನ್ನೂ 12 ದಿನ ಇರುತ್ತದೆ. ಆ ದಿನಗಳಲ್ಲಿ ಗುಮಾಸ್ತರು ಪುಸ್ತಕದಲ್ಲೂ ಕಂಪ್ಯೂಟರ್‌ನಲ್ಲೂ ಎರಡೂ ಕಡೆ ಬರೆದು ತಾಳೆ ನೋಡಬಹುದು. ಎರಡನೇ ಕಂತು ತೀರ್ಥಹಳ್ಳಿ ಮತ್ತು ವಾಟ್ಸಾಪ್. ಬಲಿಪಾಡ್ಯಮಿ ಕಳೆದು ಅಕ್ಟೋಬರ್ 23ಕ್ಕೆ ಶುರು, ರಾಜ್ಯೋತ್ಸವದ ರಜೆ ಬಿಟ್ಟು, ಪರೀಕ್ಷೆ ಮತ್ತು ಎಡವಟ್ಟಿನ ದಿನವೂ ಸೇರಿ 14 ದಿನ, ನವೆಂಬರ್ 10ಕ್ಕೆ ಕೊಡುವುದು.

ಮೂರನೆಯದು, ಮೂಲ ಕೆಲಸ ಮಾತ್ರ ಬೇಗ, ಸೆಪ್ಟೆಂಬರ್ 22ಕ್ಕೆ. ಹೆಚ್ಚಿನದ್ದೆಲ್ಲ ಹಬ್ಬ ಆದ ಮೇಲೆ.

ನಾವು ಎರಡನೆಯದನ್ನು ಆರಿಸಿದ್ದು ಮುಂಗಡದ ಕಾರಣಕ್ಕೆ. ಹೊಸ ಲೆಕ್ಕ ಶುರುವಾಗುವಾಗ ಯಾವ ಬೆಳೆಗಾರರ ಹತ್ತಿರ ಎಷ್ಟು ಬಾಕಿ ಅನ್ನುವುದೇ ಮೊದಲ ಪುಟ. ಅದು ಹಳೆಯ ಪುಸ್ತಕದಲ್ಲಿ ಉಳಿದು ಬಿಲ್ ಮಾತ್ರ ಕಂಪ್ಯೂಟರ್‌ನಲ್ಲಿ ಆದರೆ ವರ್ಷವಿಡೀ ಎರಡು ಕಡೆ ನೋಡಬೇಕು. ತೀರ್ಥಹಳ್ಳಿ ಹಾಗಲ್ಲ, ಮೂರು ವಾರ ಪುಸ್ತಕದಲ್ಲೇ ನಡೆದರೂ ಆಮೇಲೆ ಸೇರಿಸಬಹುದು. ಆದರೆ ಇದಕ್ಕೂ ಒಂದು ಬೆಲೆ ಇದೆ: ಆ ಮೂರು ವಾರದ ಬಿಲ್ಲುಗಳನ್ನು ಅಲ್ಲಿಯ ಗುಮಾಸ್ತರು ಕೂತು ಟೈಪ್ ಮಾಡಬೇಕು. ನೀವು ಹೇಳುವ ದಾರಿಯ ತೊಂದರೆಯನ್ನೂ ನೀವೇ ಹೇಳಿ.

ಹೆಜ್ಜೆ 5: ಬದಲಾವಣೆ ಕೇಳಿದವರ ಹತ್ತಿರ ಮೊದಲು ಮಾತಾಡಿ

ನಮ್ಮಲ್ಲಿ ವ್ಯಾಪಾರ ಅಂದರೆ ಮನೆತನ. ಬದಲಾವಣೆ ಕೇಳಿದ್ದು ಮಗ, ದುಡ್ಡು ಕೊಡುವುದು ಅಪ್ಪ. ಅಪ್ಪನಿಗೆ ಆ ವಾಯ್ಸ್ ಮೆಸೇಜ್‌ಗಳು ಗೊತ್ತೇ ಇಲ್ಲದಿರಬಹುದು. ನೇರವಾಗಿ ಯಜಮಾನರ ಮುಂದೆ ಹೋಗಿ "ನಿಮ್ಮ ಮಗ ಕೇಳಿದ್ದರಿಂದ ತಡವಾಯಿತು" ಅಂತ ಪಟ್ಟಿ ಇಟ್ಟರೆ ಮಗನಿಗೆ ಕೆಲಸದವರ ಎದುರು ಅವಮಾನ. ಇನ್ನು ಮುಂದೆ ಆ ಮಂಡಿಯಲ್ಲಿ ನಿಮಗೆ ಸಹಾಯ ಮಾಡುವವರು ಯಾರೂ ಇರುವುದಿಲ್ಲ. ಹಾಗಂತ ಮಗನಿಗೆ ಮಾತ್ರ ಹೇಳಿ ಬಿಟ್ಟರೂ ಆಗಲ್ಲ, ಅವರು ಅಪ್ಪನಿಗೆ ಹೇಳುವುದನ್ನು ಮುಂದಕ್ಕೆ ಹಾಕುತ್ತಾರೆ.

ಗಣೇಶ ಹಬ್ಬದ ಹಿಂದಿನ ದಿನ, ಮಂಗಳವಾರ ಸಂಜೆ ಮಗನಿಗೆ ಫೋನ್ ಮಾಡಿದೆ. "ನೀವು ಕೇಳಿದ್ದೆಲ್ಲ ಬೇಕಾದದ್ದೇ. ಮುಂಗಡ ಇಲ್ಲದೆ ಈ ಸಾಫ್ಟ್‌ವೇರ್ ಅರ್ಧ ಅಂತ ನನಗೂ ಅನಿಸ್ತು. ಆದರೆ 15ಕ್ಕೆ ಆಗಲ್ಲ. ನಾನು ಅವತ್ತೇ ಎಷ್ಟು ದಿನ ಹಿಡಿಯುತ್ತೆ ಅಂತ ಹೇಳಬೇಕಿತ್ತು, ಹೇಳಲಿಲ್ಲ. ಗುರುವಾರ ಬಂದು ಅಪ್ಪಾಜಿ ಹತ್ತಿರ ಮಾತಾಡ್ತೀನಿ. ನೀವೂ ಜೊತೆಗೆ ಇರಿ." ಸ್ವಲ್ಪ ಹೊತ್ತು ಸುಮ್ಮನಿದ್ದು, "ವಾಟ್ಸಾಪ್‌ದು ಬೇಕಾದ್ರೆ ಆಮೇಲೆ ಮಾಡೋಣ ಅಣ್ಣ" ಅಂದರು. ಗುರುವಾರಕ್ಕೆ ಮುಂಚೆಯೇ ಒಂದು ಗಂಟು ಬಿಚ್ಚಿತು.

ಹೆಜ್ಜೆ 6: ಎದುರು ಕೂತು ಹೇಳಿ, ದಿನಾಂಕ ಮೊದಲು

ತಡ ಆಗುತ್ತದೆ ಅಂತ ಗೊತ್ತಾದ ವಾರದಲ್ಲೇ ಹೇಳಬೇಕು. ನಾವು ಆಗಸ್ಟ್ 28ಕ್ಕೆ ಹೋದೆವು, ಕೊಡುವ ದಿನಕ್ಕೆ ಇನ್ನೂ 18 ದಿನ ಇತ್ತು. 18 ದಿನ ಮುಂಚೆ ಹೇಳಿದರೆ ಗ್ರಾಹಕರಿಗೆ ಆರಿಸಲು ಏನಾದರೂ ಇರುತ್ತದೆ. 13ಕ್ಕೆ ಹೇಳಿದರೆ ಸಿಟ್ಟು ಮಾಡಿಕೊಳ್ಳಲು ಮಾತ್ರ ಆಗುತ್ತದೆ.

ಹೊತ್ತನ್ನೂ ನೋಡಿಕೊಳ್ಳಿ. ಟೆಂಡರ್ ನಡೆಯುವಾಗ, ಬೆಳೆಗಾರರು ಎದುರು ಕೂತಿರುವಾಗ ಹೋಗಬೇಡಿ. ವ್ಯವಹಾರ ಮುಗಿದು ಗುಮಾಸ್ತರು ಪುಸ್ತಕ ಮುಚ್ಚುವ ಹೊತ್ತು ಒಳ್ಳೆಯದು.

ನಾನು ಹೇಳಿದ ಮೊದಲ ಮಾತು ಇಷ್ಟು: "ಯಜಮಾನ್ರೇ, ಸೆಪ್ಟೆಂಬರ್ 15ಕ್ಕೆ ಕೊಡೋಕೆ ಆಗಲ್ಲ. ಅಕ್ಟೋಬರ್ 8ಕ್ಕೆ ಕೊಡ್ತೀವಿ. ದೀಪಾವಳಿ ಹೊಸ ಲೆಕ್ಕ ಇದರಲ್ಲೇ ಬರೆಯಬಹುದು, ಮುಂಗಡದ ಸಮೇತ. ಯಾಕೆ ಅಂತ ಹೇಳ್ತೀನಿ." ಮಳೆ, ಬೆಳೆ, ಹಬ್ಬದ ಕುಶಲ ಎಲ್ಲ ಮಾತಾಡಿ ಕೊನೆಗೆ ವಿಷಯಕ್ಕೆ ಬಂದರೆ ಎದುರಿನವರು ಅಷ್ಟು ಹೊತ್ತೂ ಏನೋ ಕೆಟ್ಟದ್ದು ಬರುತ್ತದೆ ಅಂತ ಕಾಯುತ್ತಿರುತ್ತಾರೆ.

ಒಂದು ಹಾಳೆ ಪ್ರಿಂಟ್ ಮಾಡಿ ತೆಗೆದುಕೊಂಡು ಹೋಗಿದ್ದೆ. ಮೇಲೆ ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್ ಕ್ಯಾಲೆಂಡರ್, ಕೆಳಗೆ ಆ ಆರು ಸಾಲಿನ ಲೆಕ್ಕ. ಯಜಮಾನರು ಕನ್ನಡಕ ಹಾಕಿಕೊಂಡು ಮೊದಲು ಕೆಳಗಿನ ಲೆಕ್ಕ ಓದಿದರು. "ನಮ್ಮ ಅಂದಾಜು ತಪ್ಪಿದ್ದು: 3" ಅನ್ನುವ ಸಾಲಿನ ಮೇಲೆ ಬೆರಳು ಇಟ್ಟು ಸ್ವಲ್ಪ ಹೊತ್ತು ನಿಂತರು. ಆಮೇಲೆ ಮೇಜಿನ ಮೇಲಿದ್ದ ಕೆಂಪು ಪೆನ್ ತೆಗೆದುಕೊಂಡು ಅಕ್ಟೋಬರ್ 20ಕ್ಕೆ ಸುತ್ತ ಗೆರೆ ಎಳೆದು, "ಇದು ದಾಟಬಾರದು ನೋಡಪ್ಪ" ಅಂದರು. ಅಲ್ಲಿಂದ ಮಾತು ಯಾವುದು ಮೊದಲು ಬೇಕು ಅನ್ನುವ ಕಡೆಗೆ ತಿರುಗಿತು.

ಎರಡು ಪ್ರಶ್ನೆ ಬಂದೇ ಬರುತ್ತವೆ. ಒಂದು, "ಇನ್ನೂ ಇಬ್ಬರನ್ನು ಹಾಕಿಕೊಂಡು ಬೇಗ ಮುಗಿಸಿ." ಇದಕ್ಕೆ ಆಗಲ್ಲ ಅಂತ ಮಾತ್ರ ಹೇಳಬೇಡಿ. ಹೊಸಬರಿಗೆ ಈ ಲೆಕ್ಕ ಅರ್ಥ ಮಾಡಿಸಲು ನಮ್ಮಲ್ಲಿ ಒಬ್ಬರು ಒಂದು ವಾರ ಕೂರಬೇಕು, ಆ ವಾರ ಆ ಒಬ್ಬರ ಕೆಲಸ ನಿಲ್ಲುತ್ತದೆ ಅಂತ ಹೇಳಿ. ನಾನು ಹೇಳಿದ್ದು, "ಹೊಸ ಗುಮಾಸ್ತರು ಬಂದ ಮೊದಲ ವಾರ ನಿಮ್ಮ ಕೆಲಸ ಹಗುರ ಆಗುತ್ತಾ, ಜಾಸ್ತಿ ಆಗುತ್ತಾ?" ಅವರು ಮುಂದೆ ಕೇಳಲಿಲ್ಲ.

ಇನ್ನೊಂದು ದುಡ್ಡಿನದ್ದು. ನಮ್ಮ ದಿನಕ್ಕೆ 3,000 ರೂಪಾಯಿ. ನಮ್ಮ ತಪ್ಪಿನ 3 ದಿನಕ್ಕೆ ದುಡ್ಡಿಲ್ಲ. ಆಗಲೇ ಮಾಡಿಕೊಟ್ಟ ಬದಲಾವಣೆಯ 3 ದಿನಕ್ಕೂ ಇಲ್ಲ, ದರ ಹೇಳದೆ ಮಾಡಿದ ಕೆಲಸಕ್ಕೆ ಆಮೇಲೆ ದುಡ್ಡು ಕೇಳುವುದು ಸರಿಯಲ್ಲ. ಉಳಿದ 20 ದಿನಕ್ಕೆ 60,000. ಇದನ್ನು ದಿನಾಂಕದ ಮಾತು ಒಂದು ಹಂತಕ್ಕೆ ಬಂದ ಮೇಲೆ, ಆದರೆ ಅದೇ ಭೇಟಿಯಲ್ಲಿ ಹೇಳಿ. ಒಂದು ವಾರ ಬಿಟ್ಟು ಹೇಳಿದರೆ ಎರಡನೇ ಕೆಟ್ಟ ಸುದ್ದಿ ಆಗುತ್ತದೆ.

ಹೆಜ್ಜೆ 7: ಅದೇ ಸಂಜೆ ಪತ್ರ ಕಳಿಸಿ

ಮಾತಾಡಿದ್ದು ಮಾತಾಡಿದ ಹಾಗೇ ಉಳಿಯುವುದಿಲ್ಲ. ಅವತ್ತೇ ಬರೆದು ಕಳಿಸಿ. ನಾವು ಕಳಿಸಿದ್ದು ಇದು:

> ಮಾನ್ಯ ಯಜಮಾನರಿಗೆ ನಮಸ್ಕಾರಗಳು.
>
> ಇಂದು ಮಾತಾಡಿದ ಹಾಗೆ, ಸೆಪ್ಟೆಂಬರ್ 15ರ ಬದಲು ಕೆಲಸವನ್ನು ಎರಡು ಕಂತಿನಲ್ಲಿ ಕೊಡುತ್ತೇವೆ. ಈ ದಿನಾಂಕಗಳು ಹಳೆಯ ದಿನಾಂಕದ ಬದಲಿಗೆ ಬರುತ್ತವೆ.
>
> ಮೊದಲ ಕಂತು, ಅಕ್ಟೋಬರ್ 8: ಒಪ್ಪಂದದ ಎಲ್ಲ ಕೆಲಸ, ಕನ್ನಡ ಬಿಲ್, ಮುಂಗಡದ ಲೆಕ್ಕ.
> ಎರಡನೇ ಕಂತು, ನವೆಂಬರ್ 10: ತೀರ್ಥಹಳ್ಳಿ ಶಾಖೆ, ವಾಟ್ಸಾಪ್ ಬಿಲ್. ವಾಟ್ಸಾಪ್‌ಗೆ ಮೆಟಾ ಒಪ್ಪಿಗೆ ತಡವಾದರೆ ಅದೊಂದು ಮಾತ್ರ ಮುಂದೆ ಹೋಗುತ್ತದೆ, ಶಾಖೆಯದ್ದು ಹೋಗುವುದಿಲ್ಲ.
>
> ಒಟ್ಟು 26 ದಿನದ ಕೆಲಸ ಹೆಚ್ಚಾಗಿದೆ. ಇದರಲ್ಲಿ 23 ದಿನ ಜುಲೈನಿಂದ ಸೇರಿದ ಹೊಸ ಕೆಲಸದ್ದು, 3 ದಿನ ನಮ್ಮ ಅಂದಾಜು ತಪ್ಪಿದ್ದರಿಂದ. ಪಟ್ಟಿ ಜೊತೆಗಿದೆ. ಹೊಸ ಕೆಲಸಕ್ಕೆ ದಿನ ಎಷ್ಟು ಅಂತ ಆಗಲೇ ಹೇಳದಿದ್ದದ್ದು ನಮ್ಮ ತಪ್ಪು.
>
> ಹೆಚ್ಚಿನ ಮೊತ್ತ 60,000 ರೂಪಾಯಿ, ಎರಡು ಕಂತಿನಲ್ಲಿ ಕೆಲಸ ಕೊಟ್ಟ ಮೇಲೆ.
>
> ನಿಮ್ಮಿಂದ ಬೇಕಾದದ್ದು: ಮುಂಗಡಕ್ಕೆ ಬಡ್ಡಿ ಹಾಕುವ ಕ್ರಮ ಸೆಪ್ಟೆಂಬರ್ 10ರೊಳಗೆ, ಬೆಳೆಗಾರರ ಬಾಕಿ ಪಟ್ಟಿ ಸೆಪ್ಟೆಂಬರ್ 20ರೊಳಗೆ. ಇವು ಎಷ್ಟು ದಿನ ತಡವಾದರೆ ಅಕ್ಟೋಬರ್ 8 ಅಷ್ಟು ದಿನ ಮುಂದೆ ಹೋಗುತ್ತದೆ.
>
> ಒಪ್ಪಿಗೆ ಇದ್ದರೆ ಸೆಪ್ಟೆಂಬರ್ 1ರೊಳಗೆ ಈ ಮೆಸೇಜ್‌ಗೆ "ಒಪ್ಪಿದೆ" ಅಂತ ಉತ್ತರ ಕಳಿಸಿ. ಅಲ್ಲಿಯವರೆಗೆ ಮೂಲ ಕೆಲಸ ನಡೆಯುತ್ತಿರುತ್ತದೆ.

"ಹಳೆಯ ದಿನಾಂಕದ ಬದಲಿಗೆ" ಅನ್ನುವ ಮಾತು ಸುಮ್ನೆ ಹಾಕಿದ್ದಲ್ಲ. ತಡವಾದರೆ ವಾರಕ್ಕೆ ಇಷ್ಟು ಕಡಿತ ಅಂತ ಕೆಲವು ಒಪ್ಪಂದಗಳಲ್ಲಿ ಇರುತ್ತದೆ. ಹಳೆಯ ದಿನಾಂಕ ಹೋಯಿತು ಅಂತ ಬರೆದಿಲ್ಲದಿದ್ದರೆ ಕಡಿತ ಅಲ್ಲಿಂದಲೇ ಎಣಿಸಬಹುದು. ಭಾರತೀಯ ಒಪ್ಪಂದ ಕಾಯ್ದೆ 1872ರ 63ನೇ ಸೆಕ್ಷನ್ ಪ್ರಕಾರ, ಕೆಲಸ ಮಾಡಿಸಿಕೊಳ್ಳುವವರು ಅವಧಿಯನ್ನು ವಿಸ್ತರಿಸಬಹುದು. ಅವರು ಹಾಗೆ ಒಪ್ಪಿದ್ದಕ್ಕೆ ಬರಹದ ಗುರುತು ಬೇಕು, ಅದಕ್ಕೇ ಆ "ಒಪ್ಪಿದೆ". ದೊಡ್ಡ ಮೊತ್ತದ ಕೆಲಸವಾದರೆ ಒಂದು ಪ್ರತಿಗೆ ಸಹಿಯನ್ನೂ ಹಾಕಿಸಿಕೊಳ್ಳಿ.

ಒಪ್ಪಿಗೆ ಬರುವವರೆಗೆ ಕೈಕಟ್ಟಿ ಕೂರಬೇಡಿ, ಹಾಗಂತ ಹೊಸ ಕೆಲಸವನ್ನೂ ಶುರು ಮಾಡಬೇಡಿ. ಮೂರು ದಾರಿಯಲ್ಲೂ ಮೂಲ ಕೆಲಸ ಬೇಕೇ ಬೇಕು, ಅದನ್ನು ಮಾಡುತ್ತಿದ್ದರೆ ಕಾಯುವ ದಿನ ಹಾಳಾಗುವುದಿಲ್ಲ. 1ನೇ ತಾರೀಖು ಉತ್ತರ ಬರದಿದ್ದರೆ ಫೋನ್ ಮಾಡಿ. ಸುಮ್ಮನಿದ್ದಾರೆ ಅಂದರೆ ಒಪ್ಪಿದ್ದಾರೆ ಅಂತ ಅಂದುಕೊಳ್ಳಬೇಡಿ. ನಮಗೆ 30ರ ರಾತ್ರಿ ಉತ್ತರ ಬಂತು, "ಒಪ್ಪಿದೆ. 50 ಮಾಡಿಕೊಳ್ಳಿ" ಅಂತ. ದುಡ್ಡು ಇಳಿಸಬೇಕಾದರೆ ಕೆಲಸವನ್ನೂ ಇಳಿಸಬೇಕು. ವಾಟ್ಸಾಪ್‌ನ 3 ದಿನ ಬಿಟ್ಟರೆ 51,000 ಆಗುತ್ತದೆ, ನವೆಂಬರ್ 10ರ ಬದಲು 6ಕ್ಕೇ ಕೊಡಬಹುದು ಅಂತ ಬರೆದೆ. ಅವರು ಅದನ್ನೇ ಆರಿಸಿಕೊಂಡರು.

ಹೆಜ್ಜೆ 8: ಮತ್ತೆ ಹೀಗಾಗದ ಹಾಗೆ ಒಂದು ಚೀಟಿ

ಹೊಸ ದಿನಾಂಕ ಒಮ್ಮೆ ಕೇಳಬಹುದು. ಎರಡನೇ ಸಲ ಕೇಳುವುದು ತುಂಬ ಕಷ್ಟ. ಆದ್ದರಿಂದ ಅವತ್ತಿನಿಂದ ಹೆಬ್ಬೆರಳು ಒತ್ತುವುದನ್ನು ನಿಲ್ಲಿಸಿದೆವು. ಏನು ಕೇಳಿದರೂ ಒಂದೇ ರೀತಿಯ ಉತ್ತರ: "ಕೇಳಿದ್ದು ಇದು. ಹಿಡಿಯುವುದು ಇಷ್ಟು ದಿನ. ಅಕ್ಟೋಬರ್ 8 ಇಷ್ಟು ಮುಂದೆ ಹೋಗುತ್ತದೆ, ಇಲ್ಲ ಎರಡನೇ ಕಂತಿಗೆ ಸೇರಿಸಬಹುದು. ಯಾವುದು ಮಾಡಲಿ?" ಇದನ್ನು ಅಪ್ಪ ಮಗ ಇಬ್ಬರೂ ಇರುವ ಗುಂಪಿನಲ್ಲೇ ಹಾಕುತ್ತಿದ್ದೆವು. ಸೆಪ್ಟೆಂಬರ್‌ನಲ್ಲಿ ನಾಲ್ಕು ಹೊಸ ಬೇಡಿಕೆ ಬಂದವು. ಮೂರನ್ನು ಅವರೇ "ಆಮೇಲೆ ನೋಡೋಣ" ಅಂದರು. ಒಂದನ್ನು, ಚೀಲದ ತೂಕ ಕಳೆಯುವ ಕ್ರಮ ಬದಲಿಸಿದ್ದನ್ನು, ಮಾಡಲೇಬೇಕಿತ್ತು. ಅದಕ್ಕೆ ಒಂದು ದಿನ ಹೋಯಿತು, ನಾವು ಇಟ್ಟುಕೊಂಡಿದ್ದ 4 ದಿನದಲ್ಲಿ ಕಳೆದುಕೊಂಡೆವು.

ಪ್ರತಿ ಶನಿವಾರ ಸಂಜೆ ಮೂರು ಸಾಲು ಕಳಿಸುತ್ತಿದ್ದೆವು: ಈ ವಾರ ಆಗಿದ್ದು, ಮುಂದಿನ ವಾರ ಆಗುವುದು, ಇಟ್ಟುಕೊಂಡ 4 ದಿನದಲ್ಲಿ ಉಳಿದಿದ್ದು ಎಷ್ಟು. ಮೂರನೇ ಸಾಲು ಕಡಿಮೆಯಾಗುತ್ತಾ ಬಂದರೆ ಗ್ರಾಹಕರಿಗೂ ಕಾಣುತ್ತದೆ, ದಿನಾಂಕ ಅಲುಗಾಡುವುದಾದರೆ ಎರಡು ವಾರ ಮುಂಚೆಯೇ ಇಬ್ಬರಿಗೂ ಗೊತ್ತಾಗುತ್ತದೆ. ಬಾಕಿ ಪಟ್ಟಿ 20ರ ಬದಲು 23ಕ್ಕೆ ಬಂತು. ಎರಡು ದಿನ ಹೋಯಿತು ಅಂತ ಅದೇ ಶನಿವಾರದ ಮೆಸೇಜ್‌ನಲ್ಲಿ ಬರೆದೆವು, ಉಳಿದದ್ದು 1 ಅಂತಲೂ ಬರೆದೆವು.

ಅಕ್ಟೋಬರ್ 8ರ ಮಧ್ಯಾಹ್ನ, ಆ 1 ದಿನ ಹಾಗೇ ಉಳಿದಿರುವಾಗ, ಮಂಡಿಯ ಕಂಪ್ಯೂಟರ್‌ಗೆ ಸಾಫ್ಟ್‌ವೇರ್ ಹಾಕಿದೆವು. ಗುಮಾಸ್ತರು ಮೊದಲ ಬಿಲ್ ತೆಗೆದು, ಪುಸ್ತಕ ಪಕ್ಕದಲ್ಲಿ ಇಟ್ಟುಕೊಂಡು, ಮುಂಗಡದ ಸಾಲನ್ನು ಪೆನ್ಸಿಲ್‌ನಲ್ಲಿ ಇನ್ನೊಮ್ಮೆ ಕೂಡಿಸಿ ನೋಡಿದರು.